ನಮ್ಮ ಭಾವ ಯಾವ ಸಂಘಕ್ಕೆ ಮೆಂಬರಲ್ಲ?

ಯಲ್ಲಾಪುರ, ಶಿರಸಿ, ಸಿದ್ದಾಪುರ ಮೂರೂ ತಾಲೂಕಿನಲ್ಲಿ ಯಾರಾದರೂ ಹೊಸದಾಗಿ ಸಂಘ ಕಟ್ಟಿದರು ಅಂದರೆ, ಲೆಟರ್‌ಹೆಡ್ ಅಚ್ಚಾಗುವ ಮೊದಲೇ ಅವರು ವಿಚಾರಿಸುವುದು ಉಮ್ಮಚಗಿಯ ನಮ್ಮ ಭಾವನ ಮನೆಗೆ ದಾರಿ ಯಾವುದು ಅಂತ. ಭಾವ ಅಡಿಕೆ ಬೆಳೆಗಾರ, ಕಾಳುಮೆಣಸು ಬೆಳೆಗಾರ, ನಾಲ್ಕು ಪೆಟ್ಟಿಗೆ ಜೇನು ಇಟ್ಟವ. ಒಂದು ಕಾಲದಲ್ಲಿ ವೆನಿಲಾ ಬಳ್ಳಿಯನ್ನೂ ಹಬ್ಬಿಸಿದ್ದ. ಬಳ್ಳಿ ಸತ್ತು ವರ್ಷಗಳಾದರೂ ವೆನಿಲಾ ಬೆಳೆಗಾರರ ಕಾರ್ಡು ಮಾತ್ರ ಹಸಿರಾಗಿಯೇ ಇದೆ. ಅವನ ಪ್ರಕಾರ ಬೆಳೆ ಬರುತ್ತದೆ, ಹೋಗುತ್ತದೆ, ಮೆಂಬರ್‌ಶಿಪ್ಪು ಶಾಶ್ವತ.

ಅಕ್ಕನದು ಬೇರೆಯೇ ತಕರಾರು. 'ಇವ್ಕೆ ಯಾರಾದ್ರೂ ರಶೀದಿ ಪುಸ್ತಕ ಹಿಡ್ಕಂಡು ಬಂದ್ರೆ ಸಾಕು, ಮೊದಲು ಆಸರಿ, ಆಮೇಲೆ ಪರ್ಸು' ಎನ್ನುತ್ತಾಳೆ. ಪರ್ಸು ಬಿಚ್ಚುವ ನಡುವೆ ಊಟವೂ ಆಗುತ್ತದೆ ಎನ್ನುವುದನ್ನು ಅವಳು ಹೇಳುವುದಿಲ್ಲ, ಬಡಿಸುವವಳು ಅವಳೇ ಆದ್ದರಿಂದ. ಮಾರ್ಚ್ ಬಂತೆಂದರೆ ನವೀಕರಣದ ಕಾಗದಗಳು ಒಂದರ ಹಿಂದೆ ಒಂದು ಬೀಳುತ್ತವೆ. ಈ ಸಲ ಅಕ್ಕನೇ ನನ್ನನ್ನು ಕರೆಸಿ, ಕಪಾಟಿನ ಖಾನೆಯನ್ನು ಎಳೆದು ಜಗುಲಿಯ ಮೇಲೆ ಸುರಿದಳು. 'ಇದ್ರಲ್ಲಿ ಯಾವ್ದಕ್ಕೆ ದುಡ್ಡು ಕೊಡಕ್ಕು, ಯಾವ್ದಕ್ಕೆ ಬ್ಯಾಡ, ನೀನೇ ಹೇಳು ತಮಾ.' ಭಾವ ಕವಳ ಹಾಕುತ್ತಾ, ತನ್ನ ಆಸ್ತಿ ಜಪ್ತಿಯಾಗುತ್ತಿರುವವನ ಹಾಗೆ ಕೂತಿದ್ದ.

'ಎಲ್ಲಾದ್ರದ್ದೂ ಒಂದೇ ಅಲ್ದನಾ? ದುಡ್ಡು ಕೊಟ್ಟಿದ್ದಿ, ರಶೀದಿ ಕೊಟ್ಟಿದ್ದ' ಅಂದ.

ಒಂದೇ ಅಲ್ಲ ಎನ್ನುವುದರಿಂದಲೇ ಶುರು ಮಾಡಬೇಕಾಯಿತು. ಸಹಕಾರಿ ಸಂಘದಲ್ಲಿ ಕೊಡುವುದು ಷೇರು ಹಣ. ಪ್ರವೇಶ ಶುಲ್ಕದ ಚಿಲ್ಲರೆ ಬಿಟ್ಟರೆ ಆ ದುಡ್ಡು ನಿನ್ನ ಹೆಸರಿನಲ್ಲೇ ಕೂತಿರುತ್ತದೆ. ರಾಜೀನಾಮೆ ಕೊಟ್ಟರೆ ಉಪವಿಧಿಯ ಪ್ರಕಾರ ಮುಖಬೆಲೆಗೆ ವಾಪಸು ಬರುತ್ತದೆ, ಬೆಳೆದಿರುವುದಿಲ್ಲ ಅಷ್ಟೆ. ಉಳಿದ ಸಂಘಗಳಲ್ಲಿ ಕೊಡುವುದು ಚಂದಾ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವುದು ಈ ಎರಡನೆಯ ಜಾತಿಗೆ. ಷೇರು ಕಾಗದಗಳನ್ನು ಒಂದು ಕಡೆ, ಚಂದಾ ರಶೀದಿಗಳನ್ನು ಇನ್ನೊಂದು ಕಡೆ ಇಟ್ಟೆ. ಷೇರಿನ ಕಟ್ಟು ಕವಳದ ಬಟ್ಟಲಿನ ಅಡಿ ಹಿಡಿಯುವಷ್ಟು. ಚಂದಾದ್ದು ಗಾಳಿಗೆ ಅಂಗಳಕ್ಕೆ ಹಾರತೊಡಗಿತು, ಅಕ್ಕ ಅಟ್ಟಿಸಿಕೊಂಡು ಹೋದಳು.

ನಮ್ಮ ಸೀಮೆಯಲ್ಲಿ ಷೇರಿನ ಕಥೆ ಹಳೆಯದು. ಕೆಡಿಸಿಸಿ ಬ್ಯಾಂಕು 1920ರದ್ದು, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ಟಿಎಸ್‌ಎಸ್, 1923ರದ್ದು. ಅಂಥ ಸೊಸೈಟಿಯ ಲಾಭ ಎಲ್ಲಿದೆ ಎಂದು ಭಾವನನ್ನು ಕೇಳಿದರೆ 'ಡಿವಿಡೆಂಡು' ಅನ್ನುತ್ತಾನೆ. ಸಾವಿರ ರೂಪಾಯಿ ಷೇರಿಗೆ ಶೇಕಡಾ ಹತ್ತು ಘೋಷಿಸಿದರು ಅಂದುಕೊಳ್ಳಿ, ಸಿಕ್ಕಿದ್ದು ನೂರು. ಅದನ್ನು ಇಸಿದುಕೊಳ್ಳಲು ಪೇಟೆಗೆ ಹೋಗಿಬಂದ ಬಸ್ ಚಾರ್ಜು, ಮಸಾಲೆ ದೋಸೆ ಕಳೆದರೆ ಭಾವನೇ ಸೊಸೈಟಿಗೆ ಬಾಕಿ. ಲಾಭ ಇರುವುದು ಟೆಂಡರ್ ಕಟ್ಟೆಯಲ್ಲಿ.

ಚಾಲಿಯನ್ನು ಚೀಲ ಬಿಚ್ಚಿ ಲಾಟು ಮಾಡಿ ಇಡುತ್ತಾರೆ. ವ್ಯಾಪಾರಿಗಳು ಬಂದು ಕೈ ಹಾಕಿ ಕೆದಕುತ್ತಾರೆ, ಅಡಿಕೆ ಒಡೆದು ಒಳಗೆ ನೋಡುತ್ತಾರೆ, ಕೋಕಾ ಎಷ್ಟು, ಬಿಳೆಗೋಟು ಎಷ್ಟು ಬೆರೆತಿದೆ ಎಂದು ಮುಖದ ಮೇಲೆ ಏನೂ ತೋರಿಸದೆ ಲೆಕ್ಕ ಹಾಕುತ್ತಾರೆ. ಆಮೇಲೆ ಒಬ್ಬರ ದರ ಇನ್ನೊಬ್ಬರಿಗೆ ಕಾಣದ ಹಾಗೆ ಟೆಂಡರ್ ಹಾಕುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ದರ ಒಪ್ಪದಿದ್ದರೆ ಬೆಳೆಗಾರ ಬೇಡ ಎನ್ನಬಹುದು, ಇನ್ನೊಂದು ದಿನ ಇಡಬಹುದು. ಈ 'ಬೇಡ' ಎನ್ನುವ ಧೈರ್ಯಕ್ಕೇ ದುಡ್ಡು ಬೇಕು, ಯಾಕೆಂದರೆ ಕೊನೆ ಕೊಯ್ದವನಿಗೆ, ಅಡಿಕೆ ಸುಲಿದವರಿಗೆ ಕೂಲಿ ಆಗಲೇ ಕೊಡಬೇಕಾಗಿರುತ್ತದೆ. ಸೊಸೈಟಿಯಲ್ಲಿ ಮಾಲು ಇಟ್ಟ ಸದಸ್ಯನಿಗೆ ಅದರ ಮೇಲೆ ಮುಂಗಡ ಸಿಗುತ್ತದೆ. ಮನೆಬಾಗಿಲಿಗೆ ಬಂದವನಿಗೆ ಅಂಗಳದಲ್ಲೇ ಕೊಟ್ಟರೆ ತಕ್ಕಡಿ ಅವನದು, ದರ ಅವನದು, ಗಡಿಬಿಡಿ ನಮ್ಮದು. ಹತ್ತು ಕ್ವಿಂಟಲ್ ಚಾಲಿಗೆ ಕ್ವಿಂಟಲಿಗೆ ಮುನ್ನೂರು ರೂಪಾಯಿ ವ್ಯತ್ಯಾಸ ಬಿತ್ತು ಅಂತ ಇಟ್ಟುಕೊಂಡರೂ ಮೂರು ಸಾವಿರ. ಡಿವಿಡೆಂಡಿನ ನೂರು ಅದರ ಎದುರಿಗೆ ಯಾವ ಲೆಕ್ಕ?

ಆದರೆ ಈ ಲೆಕ್ಕ ಮಾಲು ಹಾಕಿದವನಿಗೆ ಮಾತ್ರ. ಭಾವ ಮೂರು ಕಡೆ ಷೇರು ಇಟ್ಟಿದ್ದಾನೆ, ಅಡಿಕೆ ಹಾಕುವುದು ಒಂದೇ ಕಡೆ. ಉಳಿದ ಎರಡಕ್ಕೆ ಹೋಗುವುದು ಮಹಾಸಭೆಯ ದಿನ, ಅದೂ ಊಟದ ಹೊತ್ತಿಗೆ ಸರಿಯಾಗಿ. ಸಹಕಾರಿ ಕಾಯ್ದೆ ಇದಕ್ಕೂ ಔಷಧಿ ಇಟ್ಟಿದೆ. ಮಹಾಸಭೆಗಳಿಗೆ ಬಾರದ, ಕನಿಷ್ಠ ವ್ಯವಹಾರ ಮಾಡದ ಸದಸ್ಯನಿಗೆ ಮತದಾನದ ಹಕ್ಕು ಹೋಗುತ್ತದೆ. ಚುನಾವಣೆ ಬಂದಾಗ ಅರ್ಹರ ಪಟ್ಟಿ, ಅನರ್ಹರ ಪಟ್ಟಿ ಅಂತ ಎರಡು ಅಂಟಿಸುತ್ತಾರೆ. ಅನರ್ಹರ ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಸಿಟ್ಟಾಗಿ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋಗುವವರಿದ್ದಾರೆ. ಸೊಸೈಟಿಗೆ ಒಂದು ಕೊಟ್ಟೆ ಅಡಿಕೆ ಹಾಕಿ ಬರಲು ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ.

'ಅಂದ್ರೆ ಉಳಿದಿದ್ದೆರಡು ಬಿಡವನಾ?' ಭಾವನ ದನಿ ಸಣ್ಣಗಾಯಿತು.

ಮಾಲು ಹಾಕದ, ಸಾಲ ತೆಗೆಯದ ಕಡೆ ಬಿಡಬಹುದು ಅಂದೆ. ಊರಿನ ಸೇವಾ ಸಹಕಾರಿಯದ್ದನ್ನು ಮಾತ್ರ ಮುಟ್ಟಬೇಡ. ಬಡ್ಡಿಯಿಲ್ಲದ ಬೆಳೆಸಾಲ ಬರುವುದು ಆ ಬಾಗಿಲಿನಿಂದ. ಯಶಸ್ವಿನಿಯೂ ಅಷ್ಟೆ. 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಶುರುವಾದ ಆ ಯೋಜನೆಗೆ ಸೇರಬೇಕಾದರೆ ಸಹಕಾರಿ ಸಂಘದ ಸದಸ್ಯನಾಗಿರಲೇಬೇಕು. ಹಳ್ಳಿಯ ಕುಟುಂಬಕ್ಕೆ ನಾಲ್ಕು ಜನರವರೆಗೆ ವರ್ಷಕ್ಕೆ 500 ರೂಪಾಯಿ, ಮುಂದೆ ತಲೆಗೆ 100, ಚಿಕಿತ್ಸೆ 5 ಲಕ್ಷದವರೆಗೆ. ಅದಕ್ಕೂ ಕಟ್ಟಳೆಗಳಿವೆ: ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ, ನೋಂದಣಿಗೆ ಕೊಟ್ಟ ದಿನ ದಾಟಿದರೆ ಬಾಗಿಲು ಮುಚ್ಚುತ್ತದೆ. ಈ ದಿನಾಂಕ ಭಾವನಿಗೆ ನೆನಪಿರುವುದಿಲ್ಲ, ಯಾವುದೋ ಅಧಿವೇಶನದ ದಿನಾಂಕ ಬಾಯಿಪಾಠ.

ಷೇರು ಒಳ್ಳೆಯದು ಎಂದ ಕೂಡಲೇ ಭಾವ ಅದೇ ಉಮೇದಿನಲ್ಲಿ ಅಡಿಕೆ ಮಾರಿದ ದುಡ್ಡನ್ನೆಲ್ಲ ಸೊಸೈಟಿಯಲ್ಲೇ ಠೇವಣಿ ಇಡುತ್ತೇನೆಂದು ಹೊರಟ. ತಡೆಯಬೇಕಾಯಿತು. ಕೆಡಿಸಿಸಿಯಂಥ ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪ್ರಾಥಮಿಕ ಸೊಸೈಟಿಯ ಠೇವಣಿಗೆ ಅದಿಲ್ಲ. ಅಲ್ಲಿ ನಂಬಬೇಕಾದದ್ದು ವಾರ್ಷಿಕ ವರದಿಯನ್ನು. ಅದರಲ್ಲಿ ಆಡಿಟ್ ವರ್ಗ ಎ ಇದೆಯೋ ಸಿ ಇದೆಯೋ, ಸುಸ್ತಿ ಸಾಲ ಹೋದ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ, ಈ ಎರಡನ್ನು ನೋಡಿದರೆ ಅರ್ಧ ಸೊಸೈಟಿ ನೋಡಿದ ಹಾಗೆ. ಭಾವನ ಮನೆಯಲ್ಲಿ ವರದಿ ಪುಸ್ತಕಗಳು ಜೋಪಾನವಾಗಿವೆ. ಕಾಳುಮೆಣಸಿನ ಡಬ್ಬಿಯ ಮುಚ್ಚಳ ಸಡಿಲವಾಗದಂತೆ ಅದರ ಮೇಲೆ ಹೇರಿ ಇಟ್ಟಿದ್ದಾರೆ.

ಇಷ್ಟು ಹೊತ್ತಿಗೆ ಆಚೆ ಮನೆ ಹೆಗಡೇರು ಬಂದರು. ಇವರು ಭಾವನಿಗೆ ಸರೀ ಉಲ್ಟಾ. ಊರ ಸೊಸೈಟಿ ಬಿಟ್ಟರೆ ಯಾವ ಸಂಘಕ್ಕೂ ಒಂದು ಪೈಸೆ ಬಿಚ್ಚಿದವರಲ್ಲ, ಆದರೆ ಎಲ್ಲ ಸಂಘದವರ ಹೋರಾಟದ ಫಲವನ್ನೂ ಕೂತಲ್ಲೇ ಉಂಡವರು. 'ಅಡಿಕೆ ಆಮದಿಗೆ ಕನಿಷ್ಠ ದರ ಏರಿಸಿದ್ವಲ, 2023ರಲ್ಲಿ ಕಿಲೋಕ್ಕೆ 351 ರೂಪಾಯಿ ಮಾಡಿದ. ಅದು ನಿನ್ನ ಭಾವಂಗೆ ಬೇರೆ, ನಂಗೆ ಬೇರೆಯನೋ?' ಎಂದು ಹರಿವಾಣಕ್ಕೆ ಕೈ ಹಾಕಿದರು.

ಇದಕ್ಕೆ ಸುಲಭದ ಉತ್ತರವಿಲ್ಲ. ಬೆಳೆಗಾರರ ಸಂಘಗಳು ದಿಲ್ಲಿಗೆ ಹೋಗಿ ಮನವಿ ಕೊಟ್ಟು ಆಮದು ಸುಂಕವೋ, ಕನಿಷ್ಠ ದರವೋ ಏನಾದರೂ ಮಾಡಿಸಿದರೆ ಅದರ ನೆರಳು ಚಂದಾ ಕೊಟ್ಟವನ ತೋಟಕ್ಕೂ ಬೀಳುತ್ತದೆ, ಕೊಡದವನ ತೋಟಕ್ಕೂ ಬೀಳುತ್ತದೆ. ಎಲ್ಲರೂ ಹೆಗಡೇರಾದರೆ ಮನವಿ ಬರೆಯುವವರೇ ಇರುವುದಿಲ್ಲ. ನಮ್ಮ ದಕ್ಷಿಣದವರು ಇದಕ್ಕೊಂದು ದಾರಿ ಹುಡುಕಿದರು. 1970ರ ಆಸುಪಾಸಿನಲ್ಲಿ ಅಡಿಕೆ ದರ ನೆಲ ಕಚ್ಚಿದಾಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು, ಕರ್ನಾಟಕ ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿ. ಅದು ಬರೀ ಮನವಿ ಬರೆಯುವ ಸಂಘ ಅಲ್ಲ, ತಾನೇ ಅಡಿಕೆ ಕೊಳ್ಳುವ ಸಂಘ. ವ್ಯಾಪಾರದ ಲಾಭದಲ್ಲೇ ದಿಲ್ಲಿಯ ಖರ್ಚೂ ನಡೆಯುತ್ತದೆ. ಮನವಿಗಾಗಿಯೇ ಬೇರೆ ಚಂದಾ ಎತ್ತಬೇಕಾಗಿಲ್ಲ, ಹೆಗಡೇರಂಥವರ ಮುಂದೆ ಕೈ ಚಾಚಬೇಕಾಗಿಲ್ಲ. ನಮ್ಮ ಚೀಲದಿಂದ ಹೊಟ್ಟೆ ಹೊರೆಯುವ ಸಂಘಕ್ಕೆ ನಮ್ಮ ಚೀಲದ ಮೇಲೆ ಕಣ್ಣಿರುತ್ತದೆ. ಚಂದಾದಿಂದಲೇ ಹೊಟ್ಟೆ ಹೊರೆಯುವ ಸಂಘದ ಕಣ್ಣು ಮುಂದಿನ ಮೆಂಬರ್ ಮೇಲೆ.

ಈ ಮಾತಿಗೆ ಹೆಗಡೇರು ಒಪ್ಪಿದರು. ಒಪ್ಪುವುದಕ್ಕೆ ದುಡ್ಡು ಬೀಳುವುದಿಲ್ಲವಲ್ಲ.

ಭಾವನ ಗೋಡೆಯ ಮೇಲೆ ಒಂದು ಫಲಕ ಉಂಟು. ಯಾವುದೋ ರಾಷ್ಟ್ರೀಯ ಮಟ್ಟದ ಕೃಷಿ ಮಹಾ ಒಕ್ಕೂಟದ ಆಜೀವ ಸದಸ್ಯತ್ವ. ಹೆಸರು ಹೇಳುವುದಿಲ್ಲ, ಅವರ ಫೋನ್ ನನಗೂ ಬರುವುದು ಬೇಡ. ಐದು ಸಾವಿರ ಕೊಟ್ಟಿದ್ದಾನೆ. 'ಒಂದ್ಸಲ ಕೊಟ್ರೆ ಮುಗ್ತು, ಸಾಯ್ವವರೆಗೂ ಮೆಂಬರ್' ಎಂದು ಅವನಿಗೆ ಹೆಮ್ಮೆ. ಅಕ್ಕನ ಅಡಿಗೆಮನೆಯ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದು ತೋರಿಸಿದೆ. ಅಂಥ ಸಂಘಕ್ಕೆ ಮುನ್ನೂರು ಆಜೀವ ಸದಸ್ಯರು ಅಂದುಕೊ ಭಾವ. ತಲಾ 5,000ದಂತೆ 15 ಲಕ್ಷ. ಸರಿಯಾದ ಸಂಘವಾದರೆ ಆ ದುಡ್ಡನ್ನು ಮೂಲನಿಧಿಗೆ ಹಾಕಿ ಬಡ್ಡಿಯಲ್ಲಿ ಮಾತ್ರ ಬದುಕಬೇಕು. ಶೇಕಡಾ ಏಳರಂತೆ ವರ್ಷಕ್ಕೆ 1,05,000 ರೂಪಾಯಿ, ಅಂದರೆ ಒಬ್ಬ ಸದಸ್ಯನ ಪಾಲಿಗೆ 350. ಅಷ್ಟರಲ್ಲಿ ಆಫೀಸಿನ ಬಾಡಿಗೆ, ಗುಮಾಸ್ತನ ಸಂಬಳ, ಪತ್ರಿಕೆಯ ಅಚ್ಚು, ಅಂಚೆ. ಈಗ ಹೇಳು, ಹೋದ ಸಲದ ಅಧಿವೇಶನ ಹ್ಯಾಗಿತ್ತು?

ಭಾವನ ಮುಖ ಅರಳಿತು. 'ಏನ್ ಚೊಲೋ ಆಗಿತ್ತು ಮಾರಾಯಾ! ದೊಡ್ಡ ಪೆಂಡಾಲು. ಎರಡು ನಮನಿ ಸಿಹಿ. ಬಂದವ್ಕೆಲ್ಲ ಶಾಲು.'

ಹಾಗಾದರೆ ಆ ಶಾಲು ಬಡ್ಡಿಯಲ್ಲಿ ಬಂದಿಲ್ಲ. ಮುಂದಿನ ಆಜೀವ ಸದಸ್ಯರ ಐದು ಸಾವಿರದಲ್ಲಿ ಬಂದಿದೆ. ಹಳಬರಿಗೆ ಹೊದಿಸಿದ ಶಾಲಿನ ದುಡ್ಡಿಗೆ ಪ್ರತಿ ವರ್ಷ ಹೊಸಬರು ಬೇಕು, ಅದಕ್ಕೇ ಚೀಲ ಹಾಕಿಕೊಂಡು ಜನ ಉಮ್ಮಚಗಿಯವರೆಗೂ ಬರುವುದು. ಇದು ಬರೀ ನನ್ನ ಊಹೆಯೋ ನಿಜವೋ ಅಂತ ತಿಳಿಯುವುದೂ ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ಪ್ರತಿ ವರ್ಷ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಲೆಕ್ಕದಲ್ಲಿ ಆಜೀವ ಶುಲ್ಕವನ್ನು ಎಲ್ಲಿ ಬರೆದಿದ್ದಾರೆ ಎನ್ನುವುದನ್ನು ಮಾತ್ರ ನೋಡು. ಆಸ್ತಿ-ಹೊಣೆ ತಃಖ್ತೆಯ ನಿಧಿಯಲ್ಲಿದ್ದರೆ ಸರಿ. ಆ ವರ್ಷದ ಆದಾಯ-ಖರ್ಚಿನ ಪಟ್ಟಿಯಲ್ಲಿ ಆದಾಯ ಅಂತ ತೋರಿಸಿ, ಎದುರಿಗೆ 'ಸಮಾರಂಭ ವೆಚ್ಚ' ಎಂದು ದೊಡ್ಡ ಮೊತ್ತ ಕಂಡರೆ ನಿನ್ನ ಐದು ಸಾವಿರ ಆಗಲೇ ಜಿಲೇಬಿಯಾಗಿದೆ. ಲೆಕ್ಕದ ಪ್ರತಿ ಕೊಡಿ ಎಂದು ಕೇಳಿದಾಗ 'ಬನ್ನಿ, ಕೂತು ಮಾತಾಡುವ' ಅಂದರೆ, ಪ್ರತಿ ಇಲ್ಲ ಅಂತ.

ಭಾವ ಲೆಕ್ಕವನ್ನು ಪೂರ್ತಿ ಕೇಳಿ, 'ಶಾಲು ಮಾತ್ರ ಚೊಲೋ ಇತ್ತು' ಅಂದ.

ಮಗಳು ವಕೀಲಿಕೆ ಓದಿ ಮುಗಿಸಿದ್ದಾಳೆ. ಅವಳ ಕಾಗದಗಳೂ ಅದೇ ರಾಶಿಯಲ್ಲಿ ಸಿಕ್ಕವು, ಅಪ್ಪನ ಗಾಳಿ ಮಗಳಿಗೂ ತಾಗದಿರುತ್ತದೆಯೇ. ಆದರೆ ಕೂಸು ಜಾಣೆ. ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತೇ ಹೇಳಿದಳು: ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಿಸದೆ ಕರಿಕೋಟು ಹಾಕುವ ಹಾಗಿಲ್ಲ, ಅದು ಕಾನೂನು. ಆದರೆ ಎಷ್ಟು ಕೊಡಬೇಕು ಎನ್ನುವುದೂ ಕಾನೂನೇ. ದೇಶದ ಬೇರೆ ಬೇರೆ ರಾಜ್ಯದ ಪರಿಷತ್ತುಗಳು ಹತ್ತಾರು ಸಾವಿರ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ವಕೀಲರ ಕಾಯ್ದೆ ಹೇಳಿದ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125, ಅದಕ್ಕಿಂತ ಮೇಲೆ ದಾಖಲಾತಿಗೆ ತೆಗೆದುಕೊಳ್ಳಬಾರದು ಎಂದಿತು. 'ಕಡ್ಡಾಯ ಅಂದ ಕೂಡ್ಲೆ ಕೇಳಿದಷ್ಟು ಕೊಡದಲ್ಲ ಅಪ್ಪಯ್ಯಾ, ಎಷ್ಟು ಕಡ್ಡಾಯ ಅಂತ ಕೇಳವು' ಎಂದಳು. ಭಾವ ನನ್ನ ಕಡೆ ನೋಡಿದ, ನಾನು ಹೇಳಿಕೊಟ್ಟಿದ್ದೇನೋ ಎಂಬಂತೆ.

ತಾಲೂಕು ಕೋರ್ಟಿನ ವಕೀಲರ ಸಂಘದ ಚಂದಾ ಮಾತ್ರ ತಾನು ಕೊಟ್ಟೇ ಕೊಡುತ್ತೇನೆ ಎಂದೂ ಅವಳೇ ಹೇಳಿದಳು. ಅದು ಕಡ್ಡಾಯವಲ್ಲ. ಆದರೆ ಕೂರಲು ಒಂದು ಕುರ್ಚಿ, ತೆಗೆದು ನೋಡಲು ಒಂದಿಷ್ಟು ಪುಸ್ತಕ, ಕಕ್ಷಿದಾರ ತಡಮಾಡಿದಾಗ 'ನಿಮ್ಮ ಕೇಸು ಕೂಗ್ತಿದ್ದಾರೆ' ಎಂದು ಓಡಿಬಂದು ಹೇಳುವ ಹಿರಿಯರು, ಇಷ್ಟು ಅಲ್ಲಿ ಸಿಗುತ್ತದೆ. ಹೊಸ ವಕೀಲೆಗೆ ಇದಕ್ಕಿಂತ ಹೆಚ್ಚು ಬೇಕಾದ್ದು ಫೀಸು ಒಂದೇ, ಅದನ್ನು ಯಾವ ಸಂಘವೂ ಕೊಡಿಸುವುದಿಲ್ಲ.

ಇನ್ನು ಉಳಿದದ್ದು ಮಗ. ಮಾಣಿ ಬೆಂಗಳೂರು ಬಿಟ್ಟು ಬಂದು ಮನೆಯ ಅಡಿಕೆಯನ್ನೇ ಹೋಳು ಮಾಡಿ ಚೆಂದದ ಪೊಟ್ಟಣದಲ್ಲಿ ಮಾರುವ ಉಮೇದಿನಲ್ಲಿದ್ದಾನೆ. ಅವನಿಗೂ ಬೆಂಗಳೂರಿನ ವಾಣಿಜ್ಯ ಸಂಘಗಳಿಂದ ಕರೆ ಬಂದಿದೆ, ಸೇರಿ ಸೇರಿ ಅಂತ. ದೊಡ್ಡ ಸಂಘಗಳು, ಹಳೆಯವು, ಕೆಲಸ ಮಾಡುವಂಥವು. ವಿದ್ಯುತ್ ದರದ ವಿಚಾರಣೆಗೆ ಹೋಗಿ ಆಕ್ಷೇಪಣೆ ಸಲ್ಲಿಸುತ್ತವೆ, ತೆರಿಗೆಯವರ ಜೊತೆ ಜಗಳಾಡುತ್ತವೆ. ಆದರೆ ಮಾಣಿಯ ಕಾರ್ಖಾನೆ ಅಂದರೆ ಹಳೇ ಕೊಟ್ಟಿಗೆ, ಒಂದು ಕತ್ತರಿಸುವ ಯಂತ್ರ, ಒಂದು ಪೊಟ್ಟಣ ಅಂಟಿಸುವ ಯಂತ್ರ. ಹತ್ತು ಕೆಲಸಗಾರರಾದ ಮೇಲೆ ಆ ಚಂದಾದ ಮಾತು. ಸದ್ಯಕ್ಕೆ ಉದ್ಯಮ್ ನೋಂದಣಿ ಮಾಡಿಸಲಿ. ಅದು ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಪುಕ್ಕಟೆ. ಅದೇ ರೂಪ, ಅದೇ ಬಣ್ಣ ಹಚ್ಚಿಕೊಂಡು ಎರಡು ಮೂರು ಸಾವಿರ ಕೇಳುವ ಖಾಸಗಿ ತಾಣಗಳೂ ಇವೆ. ದುಡ್ಡು ಕೇಳಿತು ಅಂದರೆ ತಪ್ಪು ಬಾಗಿಲು ತಟ್ಟಿದ್ದೇವೆ ಅಂತ ತಿಳಿದು ವಾಪಸು ಬರಬೇಕು.

ಮಾಣಿಗೆ ಬೇಕಾದ ಸದಸ್ಯತ್ವದಂಥದ್ದು ಇನ್ನೊಂದಿದೆ. 2019ರಲ್ಲಿ 'ಸಿರ್ಸಿ ಸುಪಾರಿ'ಗೆ ಭೌಗೋಳಿಕ ಗುರುತು ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಅಡಿಕೆಗೆ ಅದು. ನೋಂದಾಯಿತ ಸ್ವಾಮ್ಯದಾರ ಟಿಎಸ್‌ಎಸ್. ಹಾಗಂತ ಆ ಹೆಸರು ಟಿಎಸ್‌ಎಸ್ ಒಂದರ ಸೊತ್ತಲ್ಲ. ಈ ಮೂರು ತಾಲೂಕಿನಲ್ಲಿ ಬೆಳೆಯುವವನು ಚೆನ್ನೈಯ ಭೌಗೋಳಿಕ ಗುರುತು ನೋಂದಣಿ ಕಚೇರಿಗೆ ಜಿಐ-3 ನಮೂನೆಯಲ್ಲಿ ಅರ್ಜಿ ಹಾಕಿ ಅಧಿಕೃತ ಬಳಕೆದಾರ ಆಗಬಹುದು. ಆಮೇಲೆ ತನ್ನ ಪೊಟ್ಟಣದ ಮೇಲೆ ಆ ಗುರುತು ಹಾಕಬಹುದು. ಶುಲ್ಕ ಮೊದಲು 500 ಇತ್ತು. 2020ರಲ್ಲಿ 10 ರೂಪಾಯಿಗೆ ಇಳಿಸಿದರು.

'ಹಂಗಾರೆ ನಾನೂ ಆಗ್ತಿ' ಎಂದು ಭಾವ ನೆಟ್ಟಗೆ ಕೂತ.

ನಿನಗೆ ಬೇಡ ಭಾವ, ಅಂದೆ. ನೀನು ಚಾಲಿಯನ್ನು ಲಾಟು ಮಾಡಿ ಟೆಂಡರಿಗೆ ಇಡುವವನು. ಅಲ್ಲಿ ವ್ಯಾಪಾರಿ ಅಡಿಕೆ ಒಡೆದು ನೋಡುತ್ತಾನೆ, ಸರ್ಟಿಫಿಕೇಟು ನೋಡುವುದಿಲ್ಲ. ಕೊಂಡ ಮೇಲೆ ಅದು ಯಾವ ಊರಿನ ಅಡಿಕೆಯ ಜೊತೆ ಬೆರೆತು ಯಾವ ಊರಿಗೆ ಹೋಗುತ್ತದೋ. ಗುರುತಿಗೆ ಬೆಲೆ ಬರುವುದು ಗಿರಾಕಿಯ ಕೈಗೆ ಹೋಗುವ ಪೊಟ್ಟಣದ ಮೇಲೆ, ಮಾಣಿಯ ಪೊಟ್ಟಣದಂಥದ್ದರ ಮೇಲೆ. ಅವನು ಅರ್ಜಿ ಹಾಕಲಿ.

ಹೆಗಡೇರು ಅಷ್ಟು ಹೊತ್ತು ಸುಮ್ಮನಿದ್ದವರು, ಹತ್ತು ರೂಪಾಯಿ ಎಂದು ಕೇಳಿದ ಮೇಲೆ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ವಿಚಾರಿಸಿದರು. ಭಾವನಿಗೆ ಮಾತ್ರ ಹತ್ತು ರೂಪಾಯಿಯ ಮೇಲೆ ನಂಬಿಕೆ ಬರಲಿಲ್ಲ. ಕವಳ ಉಗಿದು ಬಂದು ಕೇಳಿದ:

'ಹತ್ತು ರೂಪಾಯಿಗೆ ಮೆಂಬರ್ ಮಾಡ್ಕತ್ತ ಅಂದ್ರೆ... ಅಧಿವೇಶನ ಎಲ್ಲಿ ಮಾಡ್ತ್ವನ ಅವು?'